ಪ್ಯಾಂಕ್ರಿಯಾಟಿನ್ 10,000 ಕ್ಯಾಪ್ಸೂಲ್: ಮೂರು ವರ್ಷ ಬಳಸಿದ ಮೇಲೆ

ಮಗಳಿಗೆ ಆರು ವರ್ಷ, ತೂಕ 16 ಕೆಜಿ. ಅವಳಿಗೆ ಸಿಸ್ಟಿಕ್ ಫೈಬ್ರೋಸಿಸ್ ಇದೆ. ಅಂಟು ಲೋಳೆ ಕಟ್ಟಿಕೊಂಡು ಮೇದೋಜೀರಕ ಗ್ರಂಥಿಯ ರಸ ಕರುಳಿಗೆ ಇಳಿಯುವುದಿಲ್ಲ. ಅದಕ್ಕೇ ಈ ಕ್ಯಾಪ್ಸೂಲ್. ಒಂದರಲ್ಲಿ 10,000 ಯೂನಿಟ್ ಲೈಪೇಸ್, ಅಂದರೆ ಜಿಡ್ಡು ಕರಗಿಸುವ ಎಂಜೈಮ್, ಇರುತ್ತದೆ. ಹಂದಿಯ ಗ್ರಂಥಿಯಿಂದ ತೆಗೆದದ್ದು. ನಮ್ಮದು ಮೊಟ್ಟೆಯೂ ತಿನ್ನದ ಮನೆ. ಅತ್ತೆಗೆ ಇದನ್ನು ಹೇಳುವುದಕ್ಕೆ ನನಗೆ ಒಂದು ವಾರ ಧೈರ್ಯ ಬಂದಿರಲಿಲ್ಲ. ಅವರು ಕೇಳಿಸಿಕೊಂಡು, "ಔಷಧಿ ಅಲ್ವೇನಮ್ಮ, ಕೊಡು" ಅಂದುಬಿಟ್ಟರು.

ಮೊದಮೊದಲು ನಾವು ಮಾಡಿದ ತಪ್ಪು ಏನೆಂದರೆ, ತಟ್ಟೆಯಲ್ಲಿ ಏನೇ ಇರಲಿ, ಪ್ರತಿ ಊಟಕ್ಕೆ ಎರಡೇ ಕ್ಯಾಪ್ಸೂಲ್. ಇಡ್ಲಿ ತಿಂದ ದಿನ ಸರಿ ಇರುತ್ತಿತ್ತು. ಪೂರಿ ಸಾಗು ತಿಂದ ಮರುದಿನ ಹೊಟ್ಟೆ ಉಬ್ಬರ, ಕಮೋಡಿನಲ್ಲಿ ಎಣ್ಣೆ ತೇಲುವ, ತುಂಬಾ ವಾಸನೆಯ ಮಲ. ಡಯಟಿಷಿಯನ್ ನೋಡಿ, "ಊಟ ಎಣಿಸಬೇಡಿ, ಜಿಡ್ಡು ಎಣಿಸಿ" ಅಂದರು. ನಮ್ಮ ಮಗಳಿಗೆ ಅವರು ಹಾಕಿಕೊಟ್ಟ ಲೆಕ್ಕ, 5 ಗ್ರಾಂ ಜಿಡ್ಡಿಗೆ ಒಂದು ಕ್ಯಾಪ್ಸೂಲ್. ಒಂದು ಟೀ ಚಮಚ ತುಪ್ಪ ಅಂದರೆ ಸುಮಾರು 5 ಗ್ರಾಂ. ಎರಡು ಇಡ್ಲಿ, ಮೇಲೆ ಒಂದು ಚಮಚ ತುಪ್ಪ, ಪಕ್ಕದಲ್ಲಿ ಕಾಯಿ ಚಟ್ನಿ, ಎಲ್ಲ ಸೇರಿ ಹತ್ತು ಗ್ರಾಂ. ಅಂದರೆ ಎರಡು.

ಇದಕ್ಕೆ ಒಂದು ಮೇಲ್ಮಿತಿಯೂ ಇದೆ. ಒಂದು ಊಟಕ್ಕೆ ಕೆಜಿಗೆ 2,500 ಯೂನಿಟ್, ಇಡೀ ದಿನಕ್ಕೆ ಕೆಜಿಗೆ 10,000 ಯೂನಿಟ್ ದಾಟಬಾರದು. ಅವಳ ತೂಕಕ್ಕೆ ಊಟಕ್ಕೆ ನಾಲ್ಕು, ದಿನಕ್ಕೆ ಹದಿನಾರು. ತುಂಬಾ ಹೆಚ್ಚು ಡೋಸ್ ತಗೊಂಡ ಕೆಲವು ಮಕ್ಕಳ ದೊಡ್ಡ ಕರುಳು ಗಟ್ಟಿಯಾಗಿ ಕಿರಿದಾದದ್ದು 1994ರಲ್ಲಿ ಬ್ರಿಟನ್ನಿನಲ್ಲಿ ವರದಿಯಾದ ಮೇಲೆ ಈ ಎಚ್ಚರ ಬಂತು. ಹಾಗಾಗಿ ಹೋಟೆಲಿನ ಬೆಣ್ಣೆ ದೋಸೆ ನಮಗೆ ತಲೆನೋವು. ಡಯಟಿಷಿಯನ್ ಅಂದಾಜಿನಲ್ಲಿ ಒಂದಕ್ಕೆ 25 ಗ್ರಾಂ ಜಿಡ್ಡು, ಐದು ಕ್ಯಾಪ್ಸೂಲ್ ಬೇಕು. ಮಿತಿ ನಾಲ್ಕು. ಕಾಲು ಭಾಗ ಅವರಪ್ಪನಿಗೆ ಹೋಗುತ್ತದೆ. ಅವರಿಗೇನೂ ಬೇಜಾರಿಲ್ಲ.

ಜಿಡ್ಡೇ ಕಡಿಮೆ ಮಾಡಿದರೆ ಆಯ್ತಲ್ವಾ ಅಂತ ನಮ್ಮಕ್ಕ ಕೇಳಿದಳು. ಆಗಲ್ಲ. ಈ ವಯಸ್ಸಿನ ಮಗುವಿಗೆ ದಿನಕ್ಕೆ ಸುಮಾರು 1,360 ಕ್ಯಾಲರಿ ಸಾಕು. ಇವಳಿಗೆ ಇಟ್ಟಿರುವ ಗುರಿ 1,800. ಪುಟ್ಟ ಹೊಟ್ಟೆಗೆ ಅಷ್ಟು ಕ್ಯಾಲರಿ ಇಳಿಯಬೇಕಾದರೆ ಜಿಡ್ಡೇ ಗತಿ. ದಿನಕ್ಕೆ 70 ಗ್ರಾಂ ಜಿಡ್ಡು, ಹದಿನಾಲ್ಕು ಕ್ಯಾಪ್ಸೂಲ್. ಬೆಳಗ್ಗೆ ಮೂರು, ಮಧ್ಯಾಹ್ನ ನಾಲ್ಕು, ಸಂಜೆ ತಿಂಡಿಗೆ ಎರಡು, ರಾತ್ರಿ ಊಟಕ್ಕೆ ನಾಲ್ಕು, ಮಲಗುವ ಮುಂಚೆ ಅರ್ಧ ಲೋಟ ಕೆನೆ ಹಾಲಿಗೆ ಒಂದು. ಕಳೆದ ವರ್ಷ ಅವಳು 14 ಕೆಜಿ ಇದ್ದಳು. ಇವು ನಮ್ಮ ಮಗುವಿನ ಅಂಕಿಗಳು. ನಿಮ್ಮ ಮಗುವಿನದನ್ನು ನಿಮ್ಮ ಡಾಕ್ಟರೇ ಹಾಕಿಕೊಡಬೇಕು.

ಒಂದನೇ ಕ್ಲಾಸಿಗೆ ಸೇರಿದ ಮೇಲೆ ಎಣ್ಣೆ ಮಲ ಮತ್ತೆ ಶುರುವಾಯಿತು. ಲೆಕ್ಕ ಸರಿಯಿತ್ತು. ಡೋಸ್ ಏರಿಸೋಣ ಅಂತ ಕೈ ತುರಿಸುತ್ತಿತ್ತು. ಡಾಕ್ಟರ್ ಮೊದಲು ಕೇಳಿದ್ದು, "ಡಬ್ಬಿ ಖಾಲಿ ಮಾಡಲು ಎಷ್ಟು ಹೊತ್ತು?" ಮುಕ್ಕಾಲು ಗಂಟೆ! ಮಾತೇ ಜಾಸ್ತಿ. ಮೊದಲ ತುತ್ತಿಗೇ ನಾಲ್ಕೂ ನುಂಗಿದರೆ, ಕೊನೆಯ ತುತ್ತು ಇಳಿಯುವಷ್ಟರಲ್ಲಿ ಎಂಜೈಮ್ ಮುಂದೆ ಹೋಗಿರುತ್ತದೆ. ಈಗ ಶುರುವಿಗೆ ಎರಡು, ನಡುವೆ ಎರಡು. ಒಂದು ವಾರದಲ್ಲಿ ಸರಿಹೋಯಿತು, ಒಂದು ಕ್ಯಾಪ್ಸೂಲೂ ಏರಿಸದೆ.

ಚಿಕ್ಕವಳಿದ್ದಾಗ ನುಂಗಲು ಬರುತ್ತಿರಲಿಲ್ಲ. ಕ್ಯಾಪ್ಸೂಲ್ ಬಿಚ್ಚಿ, ಒಳಗಿನ ಸಣ್ಣ ಮಣಿಗಳನ್ನು ಬೇಯಿಸಿ ಹಿಸುಕಿದ ಸೇಬಿನ ಮೇಲೆ ಉದುರಿಸಿ ತಕ್ಷಣ ಕೊಡುತ್ತಿದ್ದೆವು. ಹಾಲು ಬೇಡ, ಬಿಸಿಯದು ಬೇಡ. ಸೇಬಿನ ಹುಳಿಯಲ್ಲಿ ಮಣಿಯ ಮೇಲಿನ ಲೇಪ ಉಳಿಯುತ್ತದೆ, ಹಾಲಿನಲ್ಲಿ ಬಾಯಿಗೆ ಮುಂಚೆಯೇ ಕರಗುತ್ತದೆ. ಒಂದೆರಡು ಮಣಿ ಒಸಡಿನ ಸಂದಿಯಲ್ಲಿ ಉಳಿದು ಹುಣ್ಣಾಗಿತ್ತು. ಆಮೇಲೆ ಪ್ರತಿ ಸಲ ಬಾಯಿ ನೋಡಿ ನೀರು ಕುಡಿಸುತ್ತಿದ್ದೆ.

ವಿಟಮಿನ್ ಎ, ಡಿ, ಇ, ಕೆ ನಾಲ್ಕೂ ಜಿಡ್ಡಿನ ಜೊತೆಗೇ ಒಳಗೆ ಹೋಗುವಂಥವು. ಇದು ಗೊತ್ತಿಲ್ಲದೆ ಡ್ರಾಪ್ಸನ್ನು ಬೆಳಗ್ಗೆ ಖಾಲಿ ಹೊಟ್ಟೆಗೆ ಹಾಕುತ್ತಿದ್ದೆ. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ 14 ಬಂತು. ನಮ್ಮ ಡಾಕ್ಟರಿಗೆ 30 ಬೇಕು. ಅದೇ ಡೋಸನ್ನು ಮಧ್ಯಾಹ್ನದ ಊಟ, ಕ್ಯಾಪ್ಸೂಲ್ ಜೊತೆಗೆ ಕೊಟ್ಟೆವು. ಮೂರು ತಿಂಗಳಿಗೆ 24. ಆಮೇಲೆ ಡಾಕ್ಟರ್ ಸ್ವಲ್ಪ ಏರಿಸಿ 33ಕ್ಕೆ ತಂದರು. ಎ ಮಾತ್ರ ನೀವಾಗಿಯೇ ಏರಿಸಬೇಡಿ, ಜಾಸ್ತಿಯಾದರೆ ಲಿವರ್‌ಗೆ ತೊಂದರೆ.

ಐದಕ್ಕೆ ನಾಲ್ಕು ಸ್ಟಾರ್. ಕಳೆದ ಒಂದು ಸ್ಟಾರ್ ಸ್ಟಾಕಿಗೆ. ತಿಂಗಳಿಗೆ ಹತ್ತರ 42 ಸ್ಟ್ರಿಪ್ ಬೇಕು, ನಾನು ಹತ್ತು ದಿನ ಮುಂಚೆಯೇ ಹೇಳಿಡುತ್ತೇನೆ. ಒಮ್ಮೆ ಸ್ಟಾಕ್ ಇಲ್ಲದಾಗ ಒಂದು ಅಂಗಡಿಯಲ್ಲಿ, "ಇದೂ ಜೀರ್ಣದ್ದೇ ಮೇಡಂ" ಅಂತ ಲೇಪವಿಲ್ಲದ ಮಾತ್ರೆ ಕೊಟ್ಟರು. ಹೊಟ್ಟೆಯ ಆಮ್ಲಕ್ಕೆ ಸಿಕ್ಕಿ ಅದರ ಎಂಜೈಮ್ ಬಹುಪಾಲು ಹಾಳಾಗುತ್ತದಂತೆ. ಎರಡೇ ದಿನದಲ್ಲಿ ಕಮೋಡು ಹೇಳಿತು. ಈಗ ಸ್ಟ್ರಿಪ್ ತಿರುಗಿಸಿ, ಲೈಪೇಸ್ 10,000 ಅಂತ ಓದಿಯೇ ದುಡ್ಡು ಕೊಡುತ್ತೇನೆ.