ಫ್ಯಾನ್ ಸದ್ದು ಹೋಗಲಿ, ಅಜ್ಜಿಯ ಮಾತು ಉಳಿಯಲಿ: ನಾಲ್ಕು ದಾರಿಗಳ ಹೋಲಿಕೆ

ಫೋನ್ ರೆಕಾರ್ಡಿಂಗ್‌ನಿಂದ ಹಿನ್ನೆಲೆ ಸದ್ದು ತೆಗೆಯುವ ನಾಲ್ಕು ಸಾಧನಗಳನ್ನು ಹೋಲಿಸಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡೀಪ್‌ಫಿಲ್ಟರ್‌ನೆಟ್‌ಗೆ. ಅದೂ ಪೂರ್ತಿ ಬಲದಲ್ಲಿ ಅಲ್ಲ, 12 ಡೆಸಿಬೆಲ್‌ಗಿಂತ ಹೆಚ್ಚು ತಗ್ಗಿಸದಂತೆ ಮೂಗುದಾರ ಹಾಕಿ. ವರ್ಷದ ಚಂದಾ ಕಟ್ಟಿ ತಗೊಂಡ ವೆಬ್ ಸೇವೆ ನನ್ನ ಲೆಕ್ಕದಲ್ಲಿ ಕೊನೆಯದು. ನಡುವೆ ಆಡಾಸಿಟಿ ಇದೆ, ಎಫ್‌ಎಫ್‌ಎಂಪೆಗ್ ಒಳಗೆ ಸಿಗುವ ಆರ್‌ಎನ್‌ನಾಯ್ಸ್ ಇದೆ.

ನಾನು ಮಾಡುವುದು ಹಿರಿಯರ ಮಾತಿನ ರೆಕಾರ್ಡಿಂಗ್. ಹಳೆಯ ಮಳೆಗಾಲಗಳು, ಗದ್ದೆ ನಾಟಿ, ಕಾಫಿ ಕುಯ್ಲು, ಯಾರ ಮದುವೆಗೆ ಯಾರು ಬರಲಿಲ್ಲ, ಇಂಥವೇ. ಬಹುಪಾಲು ಫೋನಿನಲ್ಲೇ ಆಗುತ್ತದೆ. ಕೊಡಗಿನಲ್ಲಿ ಫ್ಯಾನಾ ಎಂದು ಮಡಿಕೇರಿಯವರು ನಗಬಹುದು. ಏಪ್ರಿಲ್‌ನಲ್ಲಿ ಕುಶಾಲನಗರಕ್ಕೆ ಇಳಿದು ಬಂದು ಮಧ್ಯಾಹ್ನ ಒಂದು ಹಾಲ್‌ನಲ್ಲಿ ಕೂತು ನೋಡಲಿ. ಈ ಹೋಲಿಕೆಗೆ ಬಳಸಿದ್ದು ಅಂಥದ್ದೇ ಒಂದು ರೆಕಾರ್ಡಿಂಗ್. ತಲೆಯ ಮೇಲೆ ಸೀಲಿಂಗ್ ಫ್ಯಾನ್, ಕಿಟಕಿಯಾಚೆ ಮೈಸೂರು ರಸ್ತೆ, ಇವೆರಡರ ಅಡಿಯಲ್ಲಿ ಫೋನಿನದೇ ಸಣ್ಣ ಸ್ಸ್‌ಸ್ಸ್ ಸದ್ದು. ಮಾತಾಡುತ್ತಿರುವವರು ಎಂಬತ್ತು ದಾಟಿದ ಅಜ್ಜಿ. ಫ್ಯಾನ್ ನಿಲ್ಲಿಸಿ ಅಂತ ಅವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಸದ್ದು ತೆಗೆಯುವ ಸಾಧನಗಳ ವಿಮರ್ಶೆಗಳಲ್ಲಿ ಎಲ್ಲರೂ ಮೌನವನ್ನೇ ಅಳೆಯುತ್ತಾರೆ. ಮಾತು ನಿಂತಾಗ ಎಷ್ಟು ಸ್ವಚ್ಛವಾಗಿದೆ ಎಂದು ನೋಡುತ್ತಾರೆ. ನನಗೆ ತಲೆನೋವಾಗಿದ್ದು ಅದಲ್ಲ, ವಾಕ್ಯದ ಬಾಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಹೌದೋ ಅಲ್ಲವೋ ಎನ್ನುವುದು ಆ ಕ್ರಿಯಾಪದದ ಕೊನೆಗೆ ಬರುತ್ತದೆ, ಮತ್ತು ಅಷ್ಟು ಹೊತ್ತಿಗೆ ಮಾತಾಡುವವರ ಉಸಿರು ಮುಗಿದಿರುತ್ತದೆ. ವಯಸ್ಸಾದವರಲ್ಲಿ ಇದು ಇನ್ನೂ ಹೆಚ್ಚು. ದನಿ ಇಳಿಯುತ್ತಾ ಇಳಿಯುತ್ತಾ ಕೊನೆಯ ಅಕ್ಷರ ಫ್ಯಾನಿನ ಸದ್ದಿನ ಮಟ್ಟಕ್ಕೆ ಬಂದುಬಿಡುತ್ತದೆ. ಸಾಫ್ಟ್‌ವೇರ್ ಅದನ್ನೂ ಫ್ಯಾನ್ ಎಂದೇ ತಿಳಿದು ಗುಡಿಸಿ ಹಾಕುತ್ತದೆ.

ನಮ್ಮ ಅಜ್ಜಿ ಹೇಳಿದ್ದು, “ಆ ವರ್ಷ ಹೂಮಳೆ ಬರ್ಲಿಲ್ಲ.” ಮೊದಲ ಸಲ ಶುಚಿ ಮಾಡಿದ ಫೈಲಿನಲ್ಲಿ ಕೇಳಿಸಿದ್ದು, “ಆ ವರ್ಷ ಹೂಮಳೆ ಬರ್ಲಿ.” ಕಾಫಿ ಹೂವಿಗೆ ಮಳೆ ಬಾರದ ವರ್ಷದ ಸಂಕಟ ಹೋಗಿ ಮಳೆಗೆ ಹಾರೈಕೆಯಾಗಿ ಕೂತಿತ್ತು. ವಾಕ್ಯ ಅರ್ಧಕ್ಕೆ ಕತ್ತರಿಸಿದ ಹಾಗೆ ಕೇಳಿಸಿದ್ದರೆ ಯಾರಾದರೂ ಅನುಮಾನಪಡುತ್ತಿದ್ದರು. ಹಾಗೆ ಕೇಳಿಸಲೇ ಇಲ್ಲ, ಸುತ್ತಲಿನ ಮೌನ ಅಷ್ಟು ಚೊಕ್ಕವಾಗಿತ್ತು. ಮೂಲ ಫೈಲನ್ನು ಪಕ್ಕದಲ್ಲಿಟ್ಟು ಕೇಳದಿದ್ದರೆ ಇದು ಸಿಕ್ಕಿಬೀಳುವುದಿಲ್ಲ. ಇಲ್ಲಿಂದ ಮುಂದೆ ನಾಲ್ಕನ್ನೂ ನಾನು ಅಳೆದಿದ್ದು ಈ ಒಂದೇ “ಇಲ್ಲ”ದ ಮೇಲೆ.

ಆಡಾಸಿಟಿಯ Noise Reduction ಹಳೇ ಕುಳ. ಮಾತಿಲ್ಲದ ಒಂದೆರಡು ಸೆಕೆಂಡನ್ನು ಸದ್ದಿನ ಮಾದರಿಯಾಗಿ ಆಯ್ದು Get Noise Profile ಒತ್ತಬೇಕು, ಆಮೇಲೆ ಇಡೀ ಫೈಲಿಗೆ ಹಾಕಬೇಕು. ಅದು ಸದ್ದನ್ನು ನೂರಾರು ಸಣ್ಣ ಕಂಪನ ಪಟ್ಟಿಗಳಾಗಿ ಸೀಳಿ, ಯಾವ ಪಟ್ಟಿ ಮಾದರಿಯ ಮಟ್ಟಕ್ಕಿಂತ ಕೆಳಗಿದೆಯೋ ಅದನ್ನು ತಗ್ಗಿಸುತ್ತದೆ. ಎಡವಟ್ಟು ಆಗುವುದು ಇಲ್ಲೇ. ಫ್ಯಾನಿನ ಗಾಳಿ ಸದ್ದು ಒಂದೇ ಸಮ ಇರುವುದಿಲ್ಲ. ಅಲ್ಲೊಂದು ಪಟ್ಟಿ, ಇಲ್ಲೊಂದು ಪಟ್ಟಿ ಕ್ಷಣಮಾತ್ರಕ್ಕೆ ಗಡಿ ದಾಟಿ ತಪ್ಪಿಸಿಕೊಳ್ಳುತ್ತದೆ. ಸುತ್ತಲಿನದೆಲ್ಲ ತಗ್ಗಿರುವುದರಿಂದ ಆ ಒಂಟಿ ಚೂರುಗಳು ಚಿಲಿಪಿಲಿ ಎನ್ನುತ್ತವೆ. ನೀರೊಳಗಿನಿಂದ ಮಾತಾಡಿದ ಹಾಗೆ ಅನ್ನಿಸುವುದು ಇದರಿಂದಲೇ. 20 ಡೆಸಿಬೆಲ್ ತಗ್ಗಿಸಿದರೆ ಖಂಡಿತ ಕೇಳಿಸುತ್ತದೆ. 6ಕ್ಕೆ ನಿಲ್ಲಿಸಿದರೆ ಉಳಿದ ಫ್ಯಾನ್ ಸದ್ದೇ ಅದನ್ನು ಮುಚ್ಚಿಬಿಡುತ್ತದೆ. ಹೊಸ ಆವೃತ್ತಿಗಳಲ್ಲಿ ಮೊದಲೇ 6 ಇಟ್ಟಿರುವುದು ಸುಮ್ಮನೆ ಅಲ್ಲ.

ಫೋನ್ ರೆಕಾರ್ಡಿಂಗ್‌ಗೆ ಇನ್ನೊಂದು ಕೊಕ್ಕೆ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಅನೇಕ ಫೋನುಗಳು ಮಾತು ನಿಂತ ಕೂಡಲೇ ಮೈಕಿನ ಮಟ್ಟವನ್ನು ತಾವಾಗಿಯೇ ಏರಿಸುತ್ತವೆ, ಮಾತು ಶುರುವಾದರೆ ಇಳಿಸುತ್ತವೆ. ಹಾಗಾಗಿ ಮೌನದಲ್ಲಿ ಸಿಗುವ ಫ್ಯಾನ್ ಸದ್ದು ಮಾತಿನ ಅಡಿಯಲ್ಲಿ ಇರುವುದಕ್ಕಿಂತ ಜೋರು. ಆ ಜೋರು ಮಾದರಿಯನ್ನು ಮಾತಿನ ಮೇಲೆ ಹಾಕಿದರೆ ಇಲ್ಲದ ಸದ್ದನ್ನೂ ಕಳೆಯಲು ಹೋಗಿ ದನಿಯನ್ನೇ ತಿನ್ನುತ್ತದೆ. ಮೊದಲು ಬಲಿಯಾಗುವುದು ಸ, ಶ. ಅವು ಮೊದಲೇ ಸದ್ದಿನಂತೆಯೇ ಇರುವ ಅಕ್ಷರಗಳು. ಮಾದರಿಯನ್ನು ಎರಡು ಪದಗಳ ನಡುವಿನ ಪುಟ್ಟ ಸಂದಿನಿಂದ, ಫೋನ್ ಇನ್ನೂ ಮಟ್ಟ ಏರಿಸುವ ಮೊದಲೇ ಹಿಡಿದರೆ ಸ್ವಲ್ಪ ವಾಸಿ.

ಆಡಾಸಿಟಿಯಲ್ಲಿ ನನಗೆ ಬಹಳ ಇಷ್ಟವಾದದ್ದು Residue ಎಂಬ ಗುಂಡಿ. ಅದನ್ನು ಒತ್ತಿದರೆ ತೆಗೆದುಹಾಕಿದ್ದು ಮಾತ್ರ ಕೇಳಿಸುತ್ತದೆ. ಬರೀ ಫ್ಯಾನ್ ಕೇಳಿಸಿದರೆ ಸರಿ. ಅದರೊಳಗೆ ಅಜ್ಜಿ ಪಿಸುಗುಟ್ಟುತ್ತಿದ್ದರೆ ಮಾತು ಕಸದ ಜೊತೆ ಹೋಗುತ್ತಿದೆ ಎಂದರ್ಥ. 12 ಡೆಸಿಬೆಲ್‌ನಲ್ಲಿ ಆ “ಲ್ಲ” ಪೂರ್ತಿ ಅಲ್ಲೇ ಇತ್ತು. 6ರಲ್ಲಿ “ಇಲ್ಲ” ಉಳಿಯಿತು, ಫ್ಯಾನೂ ಸಾಕಷ್ಟು ಉಳಿಯಿತು. ಲಾರಿಗಳ ಮಾತು ಬಿಡಿ: ಬಂದು ಹೋಗುವ ಸದ್ದಿಗೆ ಒಂದು ಮಾದರಿ ಸಾಲುವುದಿಲ್ಲ, ಅದನ್ನು ಈ ವಿಧಾನ ಮುಟ್ಟುವುದೂ ಇಲ್ಲ.

ವೆಬ್ ಸೇವೆಯ ಹೆಸರು ಬೇಡ. ಮೊದಲ ಸಲ ಕೇಳಿದಾಗ ಯಾರಾದರೂ ಬೆರಗಾಗುತ್ತಾರೆ. ಫ್ಯಾನ್ ಇಲ್ಲ, ಲಾರಿ ಇಲ್ಲ, ಹಾಲ್‌ನ ಗುಂಯ್‌ಗುಡುವಿಕೆಯೂ ಇಲ್ಲ, ಅಜ್ಜಿ ರೇಡಿಯೋ ಸ್ಟುಡಿಯೋದಲ್ಲಿ ಕೂತ ಹಾಗೆ. “ಬರ್ಲಿ” ಎಂದು ಹೇಳಿಸಿದ್ದೂ ಇದೇ. ಇಂಥವು ಸದ್ದನ್ನು ಬರೀ ಕಳೆಯುವುದಿಲ್ಲ. ಅಸ್ಪಷ್ಟವಾಗಿರುವ ಕಡೆ ಮಾತು ಹೀಗಿರಬಹುದು ಎಂದು ಊಹಿಸಿ ತಾವೇ ತುಂಬುತ್ತವೆ. ಅಜ್ಜಿ ನಡುನಡುವೆ ಕೊಡವ ತಕ್ಕ್‌ಗೆ ಜಾರುತ್ತಾರೆ. ಅದರಲ್ಲಿ ಇ ಮತ್ತು ಎ ಸ್ವರಗಳ ಜೊತೆಗೆ, ನಾಲಿಗೆ ನಡುವಿನಲ್ಲಿಟ್ಟು ಹೇಳುವ ಬೇರೆ ಎರಡು ಸ್ವರಗಳಿವೆ. ಶುಚಿಯಾದ ಫೈಲಿನಲ್ಲಿ ಅವು ಕೆಲವು ಕಡೆ ಮಾಮೂಲಿ ಇ, ಎ ಆಗಿದ್ದವು. ವಿರಾಜಪೇಟೆಯ ಗೆಳತಿಗೆ ಕೇಳಿಸಿದೆ. “ಇದ್ಯಾರು, ನಮ್ಮ ಭಾಷೆ ಹೊಸದಾಗಿ ಕಲಿತವರಾ?” ಅಂದಳು. ಬಲ ಕಡಿಮೆ ಮಾಡುವ ಸವಲತ್ತು ಇದೆ, ಮಾಡಿದರೆ ಪರವಾಗಿಲ್ಲ. ಆದರೆ ಇಡೀ ಗಂಟೆಯ ಫೈಲನ್ನು ಏರಿಸಿ ಇಳಿಸಬೇಕು. ಜುಲೈ ಮಳೆಯಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಒಟ್ಟಿಗಿರುವ ಹೊತ್ತು ಕಾಯುವುದು ನನ್ನಿಂದಾಗದು.

ಆರ್‌ಎನ್‌ನಾಯ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಹಳ ಹಗುರ, ಹಳೆಯ ಲ್ಯಾಪ್‌ಟಾಪಿನಲ್ಲೂ ಚುರುಕು. ಅದು ಇಡೀ ಧ್ವನಿಯನ್ನು ಬರೀ 22 ಅಗಲ ಪಟ್ಟಿಗಳಾಗಿ ನೋಡಿ ಏರಿಳಿಸುತ್ತದೆ. ಹಾಗಾಗಿ ನಡುಗುವ, ಒಡೆದ ದನಿಯಲ್ಲಿ ಪದಗಳ ಅಡಿ ಒರಟು ಉಳಿಯುತ್ತದೆ, ಪದ ಮುಗಿದ ಕೂಡಲೇ ಸದ್ದು ದಿಢೀರನೆ ನಿಲ್ಲುತ್ತದೆ. ವಿಡಿಯೋ ಕರೆಗೆ ಸಾಕು.

ಈಗ ನನ್ನ ಆಯ್ಕೆ. ಡೀಪ್‌ಫಿಲ್ಟರ್‌ನೆಟ್ ಉಚಿತ, ನೆಟ್ ಬೇಡ, ಗ್ರಾಫಿಕ್ಸ್ ಕಾರ್ಡ್ ಬೇಡ. ಫ್ಯಾನನ್ನೂ ಲಾರಿಯನ್ನೂ ಎರಡನ್ನೂ ಹಿಡಿಯುತ್ತದೆ, ಮಾದರಿ ತೋರಿಸುವ ಕೆಲಸವೂ ಇಲ್ಲ. ಸುಮ್ಮನೆ ಓಡಿಸಿದರೆ ಇದೂ “ಲ್ಲ”ವನ್ನು ನುಂಗುತ್ತದೆ. ಬಚಾವು ಮಾಡುವುದು ಒಂದೇ ಒಂದು ಸ್ವಿಚ್, ಎಷ್ಟರವರೆಗೆ ತಗ್ಗಿಸಬಹುದು ಎಂಬ ಮಿತಿ.

```
ffmpeg -i ajji.m4a -af highpass=f=80 -ac 1 -ar 48000 -c:a pcm_s16le ajji.wav
deep-filter -D -a 12 -o out ajji.wav
```

ಮೊದಲ ಸಾಲು ಫೋನಿನ ಫೈಲನ್ನು 48 ಕಿಲೋಹರ್ಟ್ಸ್‌ನ ವೇವ್ ಫೈಲಾಗಿ ಮಾಡುತ್ತದೆ, ಡೀಪ್‌ಫಿಲ್ಟರ್‌ನೆಟ್‌ಗೆ ಬೇಕಾದದ್ದು ಅದೇ. ಜೊತೆಗೆ 80 ಹರ್ಟ್ಸ್‌ನ ಕೆಳಗಿನದನ್ನು ಇಳಿಸುತ್ತದೆ. ಕರೆಂಟಿನ 50 ಹರ್ಟ್ಸ್ ಗುಂಯ್ ಮತ್ತು ದೂರದ ಎಂಜಿನ್ನುಗಳ ಗುಡುಗುಡು ಅಲ್ಲೇ ಹೆಚ್ಚು, ಅಜ್ಜಿಯ ದನಿ ಅಲ್ಲಿ ಇಲ್ಲ. ಗುಂಯ್ 100 ಹರ್ಟ್ಸ್‌ನಲ್ಲೂ ಇರುತ್ತದೆ ಎಂದು ಅಲ್ಲಿಗೂ ಕತ್ತರಿ ಹಾಕಬೇಡಿ. ತಾತಂದಿರ ದನಿಯ ತಳ ಅಲ್ಲೇ ಹತ್ತಿರದಲ್ಲಿದೆ, ತೆಗೆದರೆ ದನಿ ಬಡಕಲಾಗುತ್ತದೆ.

ಎರಡನೇ ಸಾಲಿನ `-a 12` ನಮ್ಮ ಮೂಗುದಾರ. ಇದರ ಒಳಗುಟ್ಟು ಸರಳ: ಶುಚಿಯಾದ ಧ್ವನಿಗೆ ಮೂಲದ ಕಾಲು ಭಾಗ ಬೆರೆಸಿ ಕೊಡುತ್ತದೆ. ಅದು ಏನೇ ನುಂಗಿದರೂ ಕಾಲು ಭಾಗ ಉಳಿದೇ ಉಳಿಯುತ್ತದೆ. “ಬರ್ಲಿಲ್ಲ” ಮೆಲ್ಲಗಾಯಿತು, ಮಾಯವಾಗಲಿಲ್ಲ. ಫ್ಯಾನಿನ ತೆಳು ಸದ್ದು ಮಾತಿನ ಅಡಿಯಲ್ಲೂ ಮೌನದಲ್ಲೂ ಉಳಿಯುವುದರಿಂದ ಸದ್ದು ಎದ್ದು ಬಿದ್ದು ಮಾಡುವ ಕಿರಿಕಿರಿಯೂ ಇಲ್ಲ, ಯಂತ್ರದ ದನಿಯೂ ಇಲ್ಲ. 18ಕ್ಕೆ ಏರಿಸಿದರೆ ಮೂಲದ ಎಂಟನೇ ಒಂದು ಭಾಗ ಮಾತ್ರ ಉಳಿಯುತ್ತದೆ. ಗಟ್ಟಿ ದನಿಯವರಿಗೆ ಅದು ಸರಿ, ಅಜ್ಜಿಗೆ ಹೆಚ್ಚಾಯಿತು. `--pf` ಎಂಬ ಇನ್ನೊಂದು ಸ್ವಿಚ್ ಇದೆ, ಇನ್ನಷ್ಟು ಉಜ್ಜುತ್ತದೆ. ನಾನು ಅದರ ತಂಟೆಗೆ ಹೋಗುವುದಿಲ್ಲ.

Residue ಗುಂಡಿ ಇಲ್ಲಿಲ್ಲ, ಆದರೆ ಅದೇ ಪರೀಕ್ಷೆ ಸಾಧ್ಯ. ಮೊದಲ ಸಾಲಿನಿಂದ ಬಂದ ವೇವ್ ಮತ್ತು `out` ಫೋಲ್ಡರಿನಲ್ಲಿರುವ ಫೈಲ್ ಎರಡನ್ನೂ ಆಡಾಸಿಟಿಯಲ್ಲಿ ತೆರೆದು, ಒಂದಕ್ಕೆ Invert ಹಾಕಿ, ಒಟ್ಟಿಗೆ ನುಡಿಸಿ. ಎರಡರಲ್ಲೂ ಇರುವುದು ಒಂದನ್ನೊಂದು ಅಳಿಸಿಕೊಂಡು, ತೆಗೆದದ್ದು ಮಾತ್ರ ಕೇಳಿಸುತ್ತದೆ. `-D` ಹಾಕಿದ್ದು ಇದಕ್ಕಾಗಿ. ಇಲ್ಲದಿದ್ದರೆ ಎರಡನೆಯದು ಕೂದಲೆಳೆಯಷ್ಟು ಹಿಂದೆ ಬಿದ್ದು ಲೆಕ್ಕ ತಪ್ಪುತ್ತದೆ. ನಾನು ಇಡೀ ಗಂಟೆ ಕೇಳುವುದಿಲ್ಲ, ವಾಕ್ಯಗಳ ಕೊನೆಗಳನ್ನು ಮಾತ್ರ ಹುಡುಕಿ ಕೇಳುತ್ತೇನೆ. ಅಲ್ಲಿ ಪಿಸುಮಾತಿದ್ದರೆ ಮಿತಿಯನ್ನು 9ಕ್ಕೆ ಇಳಿಸುತ್ತೇನೆ.

ಇದಕ್ಕೂ ಬಗ್ಗದ್ದು ಇದೆ. ಮಾತಿನ ಮೇಲೆಯೇ ಹೊಡೆದ ಬಸ್ಸಿನ ಹಾರ್ನ್ ಹೋಗುವುದಿಲ್ಲ, ನಾನು ಹಾಗೇ ಬಿಡುತ್ತೇನೆ. ಶೀಟಿನ ಮಾಡಿನ ಮೇಲೆ ಮಳೆ ಸುರಿಯುವಾಗ ಮಾಡಿದ ರೆಕಾರ್ಡಿಂಗ್‌ಗೆ ನಾಲ್ಕರಲ್ಲಿ ಯಾವುದೂ ಆಗಿಬರಲಿಲ್ಲ. ಇನ್ನು ವಾಟ್ಸಾಪ್ ಧ್ವನಿ ಸಂದೇಶವಾಗಿ ಬಂದಿದ್ದರೆ ಅದು ಮೊದಲೇ ಹಿಂಡಿದ ಫೈಲು, ನೀರಿನ ಸದ್ದು ಆಗಲೇ ಅದರೊಳಗಿರುತ್ತದೆ; ಬೇರೆ ಮೂಲ ಫೈಲ್ ಇದ್ದರೆ ಅದನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಕಪ್ಪು ಪರದೆಯಲ್ಲಿ ಸಾಲು ಟೈಪ್ ಮಾಡುವುದು ಆಗದು ಎನ್ನುವವರು, ರಸ್ತೆ ದೂರವಿದ್ದು ಬರೀ ಫ್ಯಾನ್ ಇದ್ದರೆ, ಆಡಾಸಿಟಿಯ 6ರಲ್ಲೇ ಇರಿ. ನಿಮ್ಮದು ಗಟ್ಟಿ ದನಿಯ ನಿರೂಪಣೆ, ಪಟ್ಟಣದ ನೆಟ್, ಚಂದಾ ದುಡ್ಡು ಕೊಡಲು ತೊಂದರೆಯಿಲ್ಲ ಎಂದಾದರೆ ವೆಬ್ ಸೇವೆಯನ್ನು ಅರ್ಧ ಬಲದಲ್ಲಿ ಬಳಸಬಹುದು. ನಾನು ಚಂದಾ ನವೀಕರಿಸಲಿಲ್ಲ. ಆ ದುಡ್ಡಿಗೆ ಉದ್ದ ವೈರಿನ ಕಾಲರ್ ಮೈಕ್ ಬಂತು. ಅಜ್ಜಿಯ ಸೆರಗಿಗೆ, ಬಾಯಿಂದ ಒಂದು ಗೇಣು ಕೆಳಗೆ ಸಿಕ್ಕಿಸಿದರೆ ಫ್ಯಾನ್ ತಿರುಗುತ್ತಿದ್ದರೂ `-a 6` ಸಾಕಾಗುತ್ತಿದೆ.