ಕುಂಡದ ಮಣ್ಣಿಗೆ ಕಲ್ಲೋ, ಬಲೆಯೋ, ತಂತಿ ಜಾಲರಿಯೋ?

ಕುಂಡಕ್ಕೆ ಏನು ಹೊದಿಸಬೇಕು ಅನ್ನುವುದಕ್ಕಿಂತ ಮೊದಲು, ಕೆದರಿದ್ದು ಯಾರು ಅಂತ ಗೊತ್ತಾಗಬೇಕು. ಅಳಿಲಿನ ಗುಂಡಿ ಚಿಕ್ಕದು, ಎರಡು ಬೆರಳು ಇಳಿಯುವಷ್ಟು ಅಗಲ. ಮಣ್ಣು ಅದರ ಸುತ್ತಲೇ ಚೆಲ್ಲಿರುತ್ತದೆ. ನಾಯಿ ಕೆದರಿದರೆ ಅರ್ಧ ಕುಂಡವೇ ಖಾಲಿ, ಮಣ್ಣೆಲ್ಲ ಒಂದೇ ದಿಕ್ಕಿಗೆ ಹಿಂದಕ್ಕೆ ಹಾರಿರುತ್ತದೆ, ಗಿಡ ಬೇರುಸಮೇತ ಪಕ್ಕದಲ್ಲಿ ಬಿದ್ದಿರುತ್ತದೆ. ಗುಬ್ಬಿಗಳು ಒಣ ಮಣ್ಣಿನಲ್ಲಿ ಹೊರಳಾಡಿ ಹೋದರೆ ಉಳಿಯುವುದು ತಟ್ಟೆಯಂಥ ಆಳವಿಲ್ಲದ ತಗ್ಗು.

ಸಸಿ ಕಡಿದಿದ್ದರಲ್ಲೂ ಹೀಗೇ ವ್ಯತ್ಯಾಸ ಕಾಣುತ್ತದೆ. ಅಳಿಲು ಹಲ್ಲಿನಿಂದ ಕಚ್ಚಿದ ಕಾಂಡ ಕತ್ತರಿ ಆಡಿಸಿದ ಹಾಗೆ ಓರೆಯಾಗಿ, ನೀಟಾಗಿ ತುಂಡಾಗಿರುತ್ತದೆ. ಹಕ್ಕಿ ಕುಕ್ಕಿದ ಎಲೆಯ ಅಂಚು ಹರಿದು ಚಿಂದಿಯಾಗಿರುತ್ತದೆ. ಇಲ್ಲವೇ ಮೊಳಕೆಯನ್ನೇ ಎಳೆದು ಕೆಳಗಿನ ಬೀಜ ತಿಂದು, ಉಳಿದದ್ದನ್ನು ಮಣ್ಣಿನ ಮೇಲೆ ಬಿಟ್ಟು ಹೋಗಿರುತ್ತದೆ. ಆದರೂ ಅನುಮಾನ ಉಳಿದರೆ ಸಂಜೆ ಕತ್ತಲಾಗುವ ಮೊದಲು ಕುಂಡದ ಮೇಲೆ ಬಕೆಟ್ ಬೋರಲು ಹಾಕಿ, ಬೆಳಕಾದ ಕೂಡಲೇ ತೆಗೆಯಿರಿ. ಹಾನಿ ನಿಂತರೆ ಕಳ್ಳ ರಾತ್ರಿಯವನು, ಅಂದರೆ ಇಲಿ ಅಥವಾ ಬಸವನಹುಳು. ಅಳಿಲು, ಹಕ್ಕಿಗಳಿಗೆ ಹಗಲೇ ಕೆಲಸ.

ಇಷ್ಟು ಗೊತ್ತಾದ ಮೇಲೆ ಒಂದೇ ಅಳತೆಯ, ಹನ್ನೆರಡು ಇಂಚು ಬಾಯಿಯ ಕುಂಡಗಳನ್ನು ಸಾಲಾಗಿ ಇಟ್ಟೆ. ಎಲ್ಲದರಲ್ಲೂ ಒಂದೇ ಮಣ್ಣು, ಒಂದೇ ಬೀನ್ಸ್ ಬೀಜ. ಮೇಲಿನ ತಡೆ ಮಾತ್ರ ಬೇರೆ ಬೇರೆ. ಒಂದಕ್ಕೆ ಕಲ್ಲು, ಒಂದಕ್ಕೆ ಕಡ್ಡಿ, ಒಂದಕ್ಕೆ ನೈಲಾನ್ ಬಲೆ, ಒಂದಕ್ಕೆ ತಳ ಕತ್ತರಿಸಿದ ಬಾಟಲಿ, ಒಂದಕ್ಕೆ ತಂತಿ ಜಾಲರಿ. ಇನ್ನೊಂದನ್ನು ಹಾಗೇ ಬಿಟ್ಟೆ. ಬೀನ್ಸ್ ಆರಿಸಿದ್ದಕ್ಕೆ ಕಾರಣವಿದೆ. ಬೀಜ ದಪ್ಪ, ಅಗೆದು ತಿನ್ನಲು ಯೋಗ್ಯ. ಮೊಳಕೆ ಬಂದಾಗ ಬೀಜದ ಎರಡು ಹೋಳುಗಳೂ ಮಣ್ಣಿನಿಂದ ಮೇಲೆದ್ದು ಎಲ್ಲರ ಕಣ್ಣಿಗೆ ಬೀಳುತ್ತವೆ. ಆ ಹೋಳುಗಳ ಕೆಳಗೆ ಕಾಂಡ ತುಂಡಾದರೆ ಮತ್ತೆ ಚಿಗುರಲು ಅಲ್ಲಿ ಮೊಗ್ಗೇ ಇರುವುದಿಲ್ಲ, ಸಸಿ ಮುಗಿದ ಹಾಗೆ. ಮೇಲೆ ತುಂಡಾದರೆ ಹೋಳಿನ ಕಂಕುಳಿನಿಂದ ಒಮ್ಮೊಮ್ಮೆ ಹೊಸ ಚಿಗುರು ಬರುತ್ತದೆ. ಹಾಗಾಗಿ ಯಾವ ತಡೆ ಎಷ್ಟು ಕಾಯಿತು ಅನ್ನುವುದು ಬೀನ್ಸ್‌ನಲ್ಲಿ ಬೇಗ ತಿಳಿಯುತ್ತದೆ.

ಹಾಗೇ ಬಿಟ್ಟ ಕುಂಡದ ಗತಿ ಹೇಳಬೇಕಾಗಿಲ್ಲ. ಬಿತ್ತಿದ ಮರುದಿನವೇ ಅಳಿಲು ಬಂತು. ಹೊಸದಾಗಿ ತುಂಬಿದ ಸಡಿಲ ಮಣ್ಣು ಅದಕ್ಕೆ ಯಾರೋ ಏನೋ ಹೂತಿಟ್ಟ ಜಾಗ. ತಾನೇ ಕಾಳು ಬಚ್ಚಿಡಲೂ ಅಂಥ ಮಣ್ಣೇ ಸಲೀಸು. ಹಳೆಯ, ಗಟ್ಟಿಯಾಗಿ ಕುಳಿತ ಕುಂಡಗಳನ್ನು ಅದು ಅಷ್ಟಾಗಿ ಮುಟ್ಟುವುದಿಲ್ಲ ಅನ್ನುವುದನ್ನು ಗಮನಿಸಿ. ಮಣ್ಣು ಕೂತು, ಬೇರು ಹಿಡಿದುಕೊಳ್ಳುವ ತನಕ ತಡೆದರೆ ಅಗೆತದ ಕಾಟ ಬಹುಪಾಲು ತೀರುತ್ತದೆ.

ಕಡ್ಡಿಗಳ ಬಗ್ಗೆ ಹೆಚ್ಚು ಬರೆಯುವಷ್ಟಿಲ್ಲ. ಎರಡು ಮೂರು ಇಂಚಿಗೊಂದರಂತೆ ಚುಚ್ಚಿದರೆ ಪಾರಿವಾಳ ಬಂದು ಕೂರುವುದು ನಿಲ್ಲುತ್ತದೆ, ಅದಷ್ಟೇ ಲಾಭ. ಅಳಿಲು ಕಡ್ಡಿಗಳ ನಡುವೆ ನುಸುಳಿ ತನ್ನ ಪಾಡಿಗೆ ಅಗೆಯುತ್ತದೆ. ಮನೆಯಲ್ಲಿ ನಾಯಿ ಇದ್ದರೆ ಚೂಪು ತುದಿ ಮೇಲೆ ಬರುವಂತೆ ಕಡ್ಡಿ ನೆಡಲೇಬೇಡಿ, ಮೂಸಲು ಬಗ್ಗಿದರೆ ನೇರ ಕಣ್ಣಿಗೆ.

ಕಲ್ಲು ನೋಡಲು ಚೆಂದ, ಹಾಕಲು ಸುಲಭ. ಆದರೆ ಗಾತ್ರದಲ್ಲೇ ಎಲ್ಲ ಇದೆ. ಕಡಲೆಕಾಳಿನಷ್ಟು ಗಾತ್ರದ ಬೆಣಚುಕಲ್ಲನ್ನು ಅಳಿಲು ಪಕ್ಕಕ್ಕೆ ತಳ್ಳಿ ಅಗೆಯಿತು. ನಾಲ್ಕೈದು ಸೆಂಟಿಮೀಟರ್‌ ಅಗಲದ ಚಪ್ಪಟೆ ಕಲ್ಲುಗಳನ್ನು ಸಂದಿಲ್ಲದಂತೆ ಜೋಡಿಸಿದ ಮೇಲೆ ಅಲ್ಲಾಡಿಸಲಾಗಲಿಲ್ಲ. ತೊಂದರೆ ಎಂದರೆ, ಸಂದಿಲ್ಲದಿದ್ದರೆ ಬೀಜ ಮೇಲೆ ಬರುವುದೆಲ್ಲಿಂದ? ಮೊಳಕೆಗೆ ಜಾಗ ಬಿಟ್ಟ ಕಡೆಯೇ ಅದು ಕೈಹಾಕಿತು. ಹಾಗಾಗಿ ಕಲ್ಲು ಬೀಜಕ್ಕಲ್ಲ, ಆಗಲೇ ಬೆಳೆದ ಗಿಡದ ಬುಡಕ್ಕೆ. ಕಲ್ಲಿನ ಕೆಳಗೆ ಮಣ್ಣು ಬೇಗ ಒಣಗುವುದಿಲ್ಲ. ಮೇಲಿನಿಂದ ನೋಡಿ ನೀರು ಹಾಕುವ ಅಭ್ಯಾಸವಿದ್ದವರು ಅಗತ್ಯಕ್ಕಿಂತ ಹೆಚ್ಚು ಹಾಕಿಬಿಡುತ್ತಾರೆ. ಒಂದು ಕಲ್ಲು ಎತ್ತಿ ಬೆರಳಿಳಿಸಿ ನೋಡಿಯೇ ಹಾಕಬೇಕು. ಬಸವನಹುಳುಗಳಿಗೂ ಆ ತಂಪು ಇಷ್ಟ, ಆಗಾಗ ಎತ್ತಿ ನೋಡುತ್ತಿರಿ. ನಾಯಿಮರಿ ಇರುವ ಮನೆಯಲ್ಲಿ ಬಾಯಿಗೆ ಹಿಡಿಯುವಷ್ಟು ಸಣ್ಣ ಕಲ್ಲು ಬೇಡ, ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಬಾಟಲಿ ಮೊದಲ ಕೆಲವು ದಿನ ಎಲ್ಲಕ್ಕಿಂತ ಮುಂದಿತ್ತು. ತಳ ಕತ್ತರಿಸಿ ಎರಡು ಇಂಚು ಮಣ್ಣಿಗೆ ಒತ್ತಿದ ಬಾಟಲಿಯೊಳಗೆ ಹಕ್ಕಿಯ ಕೊಕ್ಕೂ ಹೋಗದು, ಅಳಿಲಿನ ಪಂಜವೂ ಹೋಗದು. ಬಿಸಿಲು ಏರಿದಾಗ ಅದರ ಬಣ್ಣ ಬಯಲಾಯಿತು. ಮುಚ್ಚಳ ತೆಗೆದಿದ್ದರೂ ಒಳಗೆ ಸೆಕೆ, ಗೋಡೆಗೆಲ್ಲ ಹನಿ. ಎಳೆ ಕಾಂಡ ಮಣ್ಣಿನ ಮಟ್ಟದಲ್ಲಿ ಕಂದಾಗಿ, ದಾರದಂತೆ ಸಣ್ಣಗಾಗಿ, ಸಸಿ ಅಡ್ಡಬಿತ್ತು. ಅದು ಬುಡ ಕೊಳೆಯುವ ರೋಗ, ಪ್ರಾಣಿಯ ಕೆಲಸವಲ್ಲ. ಕಡಿದ ಗುರುತು ಇರುವುದಿಲ್ಲ, ಬುಡ ಹಿಂಡಿದ ಹಾಗಿರುತ್ತದೆ. ದಿನಕ್ಕೆ ಕೆಲವೇ ಗಂಟೆ ಬಿಸಿಲು ಬೀಳುವ ಜಾಗದಲ್ಲಿ ಬಾಟಲಿ ನಡೆಯುತ್ತದೆ, ಬಿರುಬಿಸಿಲಿನಲ್ಲಿ ಬೇಡ.

ನೈಲಾನ್ ಬಲೆ ಹಕ್ಕಿಗಳ ವಿಷಯದಲ್ಲಿ ನಿಜವಾಗಿ ಗೆದ್ದಿತು. ಬಾಗಿಸಿದ ಎರಡು ತಂತಿಗಳನ್ನು ಕುಂಡದ ಮೇಲೆ ಅಡ್ಡಡ್ಡ ಕಮಾನಿನಂತೆ ಚುಚ್ಚಿ, ಬಲೆಯನ್ನು ಬಿಗಿಯಾಗಿ ಹೊದಿಸಿ, ಕುಂಡದ ಕಂಠಕ್ಕೆ ದಾರದಿಂದ ಕಟ್ಟಿದ್ದೆ. ಎಲೆಗೂ ಬಲೆಗೂ ನಡುವೆ ಅಂಗೈ ಅಗಲದ ಅಂತರವಿರಬೇಕು, ಇಲ್ಲದಿದ್ದರೆ ಹಕ್ಕಿ ಹೊರಗಿನಿಂದಲೇ ಕುಕ್ಕುತ್ತದೆ. ಅಳಿಲಿಗೆ ಮಾತ್ರ ನೈಲಾನ್ ಲೆಕ್ಕಕ್ಕಿಲ್ಲ. ಒಳಗೆ ಬೇಕಾದದ್ದು ಇದೆ ಅಂತ ಗೊತ್ತಾದರೆ ಕಂಠದ ಹತ್ತಿರ ಕಡಿದು ಕಿಂಡಿ ಮಾಡುತ್ತದೆ.

ಬಲೆಯ ವಿಷಯದಲ್ಲಿ ನನಗೆ ಖಚಿತ ಅಭಿಪ್ರಾಯವೊಂದಿದೆ. ತೆಳು ದಾರದ, ದೊಡ್ಡ ಕಣ್ಣಿನ, ಸಡಿಲವಾಗಿ ಎಸೆದ ಬಲೆ ತಡೆಯಲ್ಲ, ಉರುಳು. ಹಕ್ಕಿಯ ಕಾಲು, ಓತಿಕ್ಯಾತದ ಕುತ್ತಿಗೆ, ಹಾವು, ಎಲ್ಲವೂ ಅದರಲ್ಲಿ ಸಿಕ್ಕಿಕೊಂಡು ಒದ್ದಾಡಿ ಸಾಯುತ್ತವೆ. ಕಿರುಬೆರಳು ತೂರದಷ್ಟು ಸಣ್ಣ ಕಣ್ಣಿನ ಬಲೆ ತನ್ನಿ. ತಟ್ಟಿದರೆ ಪುಟಿಯುವಷ್ಟು ಬಿಗಿಯಾಗಿ ಕಟ್ಟಿ. ದಿನಕ್ಕೊಮ್ಮೆ ಸುತ್ತ ಕಣ್ಣಾಡಿಸಿ.

ಇನ್ನು ತಂತಿ ಜಾಲರಿ. ನಾಯಿ, ಅಳಿಲು ಇಬ್ಬರನ್ನೂ ಒಟ್ಟಿಗೆ ತಡೆದದ್ದು ಇದೊಂದೇ. ಇದನ್ನು ಮೇಲೆ ಹೊದಿಸುವುದಲ್ಲ, ಮಣ್ಣಿನ ಮೇಲೇ ಮಲಗಿಸುವುದು. ಅರ್ಧ ಇಂಚು ಕಣ್ಣಿನ, ಸತುವಿನ ಲೇಪನವಿರುವ ವೆಲ್ಡ್ ಮೆಶ್ ಬೇಕು. ಕೋಳಿಗೂಡಿಗೆ ಹಾಕುವ ಆರು ಮೂಲೆಯ ಜಾಲರಿ ಅಗ್ಗ, ಬಾಗಿಸಲೂ ಹಗುರ. ಆದರೆ ಅದರ ಕಣ್ಣು ದೊಡ್ಡದು. ಅಳಿಲು ಕೈ ತೂರಿಸಿ ಕೆದಕುತ್ತದೆ, ನಾಯಿಯ ಉಗುರು ಸಿಕ್ಕಿಕೊಳ್ಳುವ ಅಪಾಯವೂ ಇದೆ.

ಮಾಡುವ ಕ್ರಮ ಇಷ್ಟೇ. ಮಣ್ಣಿನ ಮಟ್ಟದಲ್ಲಿ ಕುಂಡದ ಒಳ ಅಗಲ ಅಳೆದು, ಅದಕ್ಕಿಂತ ಒಂದು ಸೆಂಟಿಮೀಟರ್ ಕಡಿಮೆ ಅಗಲದ ವೃತ್ತವನ್ನು ತಂತಿ ಕತ್ತರಿಯಿಂದ ಕತ್ತರಿಸಿ. ದಪ್ಪ ಕೈಗವಸು ಹಾಕಿಕೊಳ್ಳಿ, ಕತ್ತರಿಸಿದ ತುದಿಗಳು ಸೂಜಿಯಂತೆ ಚುಚ್ಚುತ್ತವೆ. ಅಂಚಿನಿಂದ ನಡುವಿನವರೆಗೆ ಒಂದು ಸೀಳು ಹಾಕಿದರೆ ಆಗಲೇ ಗಿಡವಿರುವ ಕುಂಡಕ್ಕೂ ತೊಡಿಸಬಹುದು. ಸುತ್ತಲಿನ ತುದಿಗಳನ್ನೆಲ್ಲ ಕೆಳಮುಖವಾಗಿ ಬಗ್ಗಿಸಿ, ಮಣ್ಣಿನ ಮೇಲೆ ಒತ್ತಿ, ಬೆರಳುದ್ದದ ತಂತಿಯನ್ನು ಹೇರ್‌ಪಿನ್ನಿನಂತೆ ಮಡಚಿ ನಾಲ್ಕು ಕಡೆ ಚುಚ್ಚಿ. ಮೇಲೆ ತೆಳುವಾಗಿ ಮಣ್ಣು ಉದುರಿಸಿದರೆ ಜಾಲರಿ ಕಾಣುವುದೂ ಇಲ್ಲ. ಅಳಿಲು ಬಂದು ಆ ತೆಳು ಮಣ್ಣು ಕೆದಕುತ್ತದೆ, ಉಗುರಿಗೆ ತಂತಿ ತಾಗುತ್ತದೆ, ಒಂದೆರಡು ಕಡೆ ನೋಡಿ ಪಕ್ಕದ ಕುಂಡಕ್ಕೆ ಹೋಗುತ್ತದೆ. ಪಕ್ಕದ್ದಕ್ಕೂ ಜಾಲರಿ ಹಾಕಿ ಅನ್ನುವುದು ಬೇರೆ ಮಾತು.

ಬೀನ್ಸ್‌ಗೆ ಇಲ್ಲೊಂದು ಸೂಕ್ಷ್ಮವಿದೆ. ಮೆಂತ್ಯ, ದಂಟಿನಂಥ ಸೊಪ್ಪಿನ ಸಸಿಗಳು ಅರ್ಧ ಇಂಚಿನ ಕಣ್ಣಿನಿಂದ ಸಲೀಸಾಗಿ ಮೇಲೆ ಬರುತ್ತವೆ. ಬೀನ್ಸ್ ಹಾಗಲ್ಲ. ಅದು ಕೊಕ್ಕೆಯಂತೆ ಬಾಗಿ, ಬೀಜದ ದಪ್ಪ ಹೋಳುಗಳನ್ನು ಹೊತ್ತು ಎದ್ದು ಬರುತ್ತದೆ. ಹೋಳು ತಂತಿಗೆ ಸಿಕ್ಕಿಕೊಂಡರೆ ಕಾಂಡ ಅಡಿಯಲ್ಲೇ ಮುರಿಯುತ್ತದೆ. ಆದ್ದರಿಂದ ಬೀಜ ಇಟ್ಟ ಜಾಗದ ನೇರಕ್ಕೆ ಎರಡೆರಡು ತಂತಿ ಕತ್ತರಿಸಿ ಒಂದು ಇಂಚಿನ ಕಿಂಡಿ ಮಾಡಬೇಕು. ಆ ಕಿಂಡಿಯೇ ಅಳಿಲಿಗೆ ದಾರಿಯಾಗದಿರಲಿ ಅಂತ, ಮೊಳಕೆ ಬರುವ ತನಕ ಅದರ ಮೇಲೆ ಜಾಲರಿಯ ಸಣ್ಣ ತುಂಡೊಂದನ್ನು ಇಟ್ಟು ಕಲ್ಲು ಹೇರಿ, ಮಣ್ಣು ಬಿರುಕು ಬಿಟ್ಟ ದಿನವೇ ತೆಗೆದುಬಿಡಿ.

ಮಲಗಿಸಿದ ಜಾಲರಿ ಅಗೆಯುವುದನ್ನು ತಡೆಯುತ್ತದೆಯೇ ಹೊರತು ಮೇಲೆದ್ದ ಸಸಿಯನ್ನು ಕಾಯುವುದಿಲ್ಲ. ನನ್ನ ಕುಂಡದಲ್ಲೂ ಬೀಜ ಒಂದೂ ಹೋಗದಿದ್ದರೂ ಮೇಲೆ ಬಂದ ಹೋಳುಗಳಿಗೆ ಅಳಿಲು ಬಾಯಿ ಹಾಕಿತು. ಹಾಗಾಗಿ ಈಗ ಬೀನ್ಸ್, ಸೂರ್ಯಕಾಂತಿಯಂಥವಕ್ಕೆ ಎರಡನ್ನೂ ಸೇರಿಸುತ್ತೇನೆ. ಕೆಳಗೆ ಮಲಗಿದ ಜಾಲರಿ, ಮೇಲೆ ಅದೇ ಜಾಲರಿಯನ್ನು ಒಂದಡಿ ಎತ್ತರದ ಕೊಳವೆಯಾಗಿ ಸುತ್ತಿ, ತಲೆಗೆ ಒಂದು ತುಂಡು ಮುಚ್ಚಿದ ಪಂಜರ. ಬೆಳಕು, ಗಾಳಿ ಧಾರಾಳ, ಬಾಟಲಿಯ ಸೆಕೆ ಇಲ್ಲ, ನೈಲಾನಿನಂತೆ ಕಡಿಯಲಾಗದು. ಹಕ್ಕಿ ಮಾತ್ರ ಕಾಟ ಕೊಡುವ ಕಡೆ ಇಷ್ಟೆಲ್ಲ ಬೇಕಿಲ್ಲ, ಬಿಗಿ ಬಲೆ ಸಾಕು.

ನಾಯಿಗೆ ಜಾಲರಿ ಹಾಕುವ ಮೊದಲು ಗೊಬ್ಬರ ನೋಡಿ. ಮೂಳೆ ಪುಡಿ, ಮೀನಿನ ಗೊಬ್ಬರ ಹಾಕಿದ ಕುಂಡವನ್ನು ಅದು ವಾಸನೆ ಹಿಡಿದೇ ಹುಡುಕುತ್ತದೆ. ಎಂಥ ಜಾಲರಿ ಇದ್ದರೂ ಕುಂಡವನ್ನೇ ಉರುಳಿಸುತ್ತದೆ. ಹರಳು ಹಿಂಡಿಯಂತೂ ನಾಯಿ ಇರುವ ಮನೆಗೆ ತರಲೇಬಾರದು, ಅದರಲ್ಲಿ ಉಳಿದಿರಬಹುದಾದ ರಿಸಿನ್ ನಾಯಿಗೆ ಪ್ರಾಣಾಂತಿಕ ವಿಷ. ವಾಸನೆಯ ಗೊಬ್ಬರ ಇಲ್ಲದೆಯೂ ಕೆದರುತ್ತಿದ್ದರೆ ಅದಕ್ಕೆ ಬೇಕಿರುವುದು ಬಹುಶಃ ಮಲಗಲು ತಂಪು ಮಣ್ಣು. ಬೇರೆ ಕಡೆ ನೆರಳಿನಲ್ಲಿ ಒದ್ದೆ ಗೋಣಿಚೀಲ ಹಾಸಿ ಕೊಟ್ಟರೆ ಕುಂಡದ ಆಸೆ ಕಡಿಮೆಯಾಗುತ್ತದೆ.

ಪಂಜರವನ್ನು ಯಾವಾಗ ತೆಗೆಯಬೇಕು? ಬೀನ್ಸ್‌ನಲ್ಲಿ ಹೋಳುಗಳು ಸುಕ್ಕಾಗಿ ಉದುರಿ, ಮೂರು ಎಲೆಗಳ ಗೊಂಚಲು ಎರಡು ಬಿಚ್ಚಿಕೊಂಡ ಮೇಲೆ. ಸೌತೆ, ಕುಂಬಳಕ್ಕೆ ಹೂ ಬಿಡುವ ಮೊದಲೇ ತೆಗೆಯಬೇಕು, ಜೇನು ಒಳಗೆ ಬರದಿದ್ದರೆ ಕಾಯಿ ಕಟ್ಟುವುದಿಲ್ಲ. ಮಲಗಿಸಿದ ಜಾಲರಿ ಅಲ್ಲೇ ಇರಲಿ. ಟೊಮೆಟೊ, ಬದನೆಯ ಕಾಂಡ ದಪ್ಪವಾಗುತ್ತಾ ಬಂದಂತೆ ಸುತ್ತಲಿನ ತಂತಿಯನ್ನು ಇನ್ನೊಂದು ಸುತ್ತು ಕತ್ತರಿಸಿ, ಕಾಂಡಕ್ಕೂ ತಂತಿಗೂ ನಡುವೆ ಒಂದು ಬೆರಳು ಆಡುವಷ್ಟು ಜಾಗ ಬಿಡಿ.