ಟೂ-ಸ್ಟ್ರೋಕ್ ನೀರಿನ ಪಂಪಿಗೆ 2ಟಿ ಆಯಿಲ್: ಕೆಲವು ಬೇಸಿಗೆ ಬಳಸಿದ ಮೇಲೆ

ನಮ್ಮ ಕೃಷಿ ಹೊಂಡದ ಹತ್ತಿರ ಕರೆಂಟ್ ಇಲ್ಲ. ಬೀನ್ಸ್, ಟೊಮೆಟೊಗೆ ನೀರು ಹಾಯಿಸುವುದೆಲ್ಲ ಹೆಗಲ ಮೇಲೆ ಹೊತ್ತುಕೊಂಡು ಹೋಗುವ ಸಣ್ಣ ಪೆಟ್ರೋಲ್ ಪಂಪಿನಲ್ಲೇ. ಪಂಪಿನ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಅದರ ಹೊಟ್ಟೆಗೆ ಹಾಕುವ 2ಟಿ ಆಯಿಲ್ ಬಗ್ಗೆ. ಡಬ್ಬಿ ಮೇಲೆ ‘ಜಾಸೋ ಎಫ್‌ಸಿ’ ಅಂತ ಇರುವ, ಕಡಿಮೆ ಹೊಗೆಯ ಆಯಿಲ್.

ಮೊದಲು ಖುಷಿ ಕೊಟ್ಟದ್ದು ಹೇಳುತ್ತೇನೆ. ಹೊಗೆ ನಿಜಕ್ಕೂ ಕಡಿಮೆ. ಮುಂಚೆ ಅಂಗಡಿಯಲ್ಲಿ ಸಿಗುವ ಲೂಸ್ ಆಯಿಲ್ ಹಾಕುತ್ತಿದ್ದಾಗ ಗಾಳಿ ನಮ್ಮ ಕಡೆ ಬೀಸಿದರೆ ಕಣ್ಣುರಿ, ಸೈಲೆನ್ಸರ್ ಬಾಯಲ್ಲಿ ಜಿಗುಟು ಮಸಿ. ಈಗ ಪ್ಲಗ್ ಬಿಚ್ಚಿ ನೋಡಿದರೆ ತುದಿ ತಿಳಿ ಕಾಫಿ ಬಣ್ಣದಲ್ಲಿ ಇರುತ್ತದೆ. ಇಂಜಿನ್ ಸರಿಯಾಗಿ ಉರಿಯುತ್ತಿದೆ ಅನ್ನೋದಕ್ಕೆ ಅದೇ ಗುರುತು. ಕಪ್ಪಗೆ ಒದ್ದೆಯಾಗಿದ್ದರೆ ಆಯಿಲ್ ಜಾಸ್ತಿ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಬೆಳ್ಳಗಿದ್ದರೆ ಇಂಜಿನ್ ಅತಿಯಾಗಿ ಕಾಯುತ್ತಿದೆ, ತಕ್ಷಣ ನಿಲ್ಲಿಸಬೇಕು.

ಬೆರೆಸುವ ಕೆಲಸ ನನಗೆ ಇಷ್ಟ. ಬೆಳಗ್ಗೆ ನೆರಳಲ್ಲಿ ಕೂತು, ಕ್ಯಾನಿಗೆ ಮೊದಲು ಅರ್ಧ ಲೀಟರ್ ಪೆಟ್ರೋಲ್ ಹಾಕುತ್ತೇನೆ. ಮೆಡಿಕಲ್ ಶಾಪಿನ 20 ಎಂಎಲ್ ಸಿರಿಂಜಲ್ಲಿ ಎರಡು ಸಲ ಆಯಿಲ್ ಎಳೆದು ಬಿಡುತ್ತೇನೆ. ಮುಚ್ಚಳ ಬಿಗಿ ಮಾಡಿ ಚೆನ್ನಾಗಿ ಕುಲುಕಿ, ಉಳಿದ ಅರ್ಧ ಲೀಟರ್ ಸೇರಿಸಿ ಮತ್ತೆ ಕುಲುಕುತ್ತೇನೆ. ಆಯಿಲಿನ ಬಣ್ಣ ಪೆಟ್ರೋಲಿಗೆಲ್ಲ ಸಮನಾಗಿ ಇಳಿದಿರುವುದು ಕಾಣುತ್ತದೆ. ಆಮೇಲೆ ಜಾಲರಿ ಇರುವ ಫನಲ್ ಇಟ್ಟು ಟ್ಯಾಂಕಿಗೆ. ಟ್ಯಾಂಕಲ್ಲೇ ನೇರ ಬೆರೆಸಿದರೆ ಆಯಿಲ್ ತಳಕ್ಕೆ ಇಳಿದು ಕಾಕ್ ಹತ್ತಿರ ಕೂತುಬಿಡುತ್ತದೆ.

ಲೀಟರಿಗೆ 40 ಎಂಎಲ್ ಅಂದರೆ 25ಕ್ಕೆ 1. ನನ್ನ ಪಂಪಿನ ಟ್ಯಾಂಕ್ ಮೇಲೆ ಬರೆದಿರುವುದು ಅದೇ. ಆಯಿಲ್ ಡಬ್ಬಿ ಮೇಲೆ ಮಾತ್ರ ದೊಡ್ಡ ಅಕ್ಷರದಲ್ಲಿ 50ಕ್ಕೆ 1, ಅಂದರೆ ಲೀಟರಿಗೆ 20 ಎಂಎಲ್. ಇದನ್ನು ಓದಿ ಹೊಸಬರು ಗೊಂದಲ ಆಗದೆ ಇರುತ್ತಾರಾ? ಪಂಪ್ ಏನು ಹೇಳುತ್ತದೋ ಅದನ್ನೇ ಕೇಳಿ. ಫೋರ್-ಸ್ಟ್ರೋಕ್ ಪಂಪ್ ಆಗಿದ್ದರೆ ಪೆಟ್ರೋಲಿಗೆ ಆಯಿಲ್ ಬೆರೆಸುವ ಮಾತೇ ಇಲ್ಲ.

ಇಷ್ಟು ಸರಿಯಿದ್ದರೂ ನನಗೆ ಕೋಪ ಬರುವುದು ಒಂದೇ ವಿಷಯಕ್ಕೆ. ಬೆರೆಸಿದ ಪೆಟ್ರೋಲ್ ಎಷ್ಟು ದಿನ ಇಡಬಹುದು ಅಂತ ನನ್ನ ಡಬ್ಬಿಯ ಮೇಲೆ ಒಂದು ಸಾಲೂ ಇಲ್ಲ. ಈಗ ಬಂಕಲ್ಲಿ ಸಿಗುವ ಪೆಟ್ರೋಲಲ್ಲಿ ನೂರಕ್ಕೆ 20 ಭಾಗದವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಟ್ಯಾಂಕಿಗೆ ಮಳೆ ಹನಿಯೋ ಹೊಂಡದ ನೀರೋ ಸೇರಿದರೆ ಇನ್ನೂ ಬೇಗ. ನೀರು ಒಂದು ಮಿತಿ ದಾಟಿದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. 2ಟಿ ಆಯಿಲ್ ಮಾತ್ರ ಮೇಲಿನ ಪೆಟ್ರೋಲಲ್ಲೇ ಉಳಿಯುತ್ತದೆ. ಕಾಕ್ ಇರುವುದು ಟ್ಯಾಂಕಿನ ತಳದಲ್ಲಿ ಅಲ್ವಾ? ಇಂಜಿನ್ನಿಗೆ ಮೊದಲು ಹೋಗುವುದು ಆಯಿಲ್ ಇಲ್ಲದ ಆ ತಳದ ದ್ರವ.

ಪಕ್ಕದ ಹೊಲದ ಅಣ್ಣನ ಪಂಪಲ್ಲಿ ಹೀಗೇ ಆಯಿತು. ಅಳತೆಯಲ್ಲಿ ಅವರು ಬಹಳ ಕಟ್ಟುನಿಟ್ಟು. ಮಳೆಗಾಲಕ್ಕೆ ಮುಂಚೆ ಉಳಿದ ಮಿಶ್ರಣ ಟ್ಯಾಂಕಲ್ಲೇ ಇತ್ತು. ಮಳೆ ಮುಗಿದ ಮೇಲೆ ಹಗ್ಗ ಎಳೆದರು. ಸ್ಟಾರ್ಟ್ ಆಯಿತು, ಥ್ರಾಟಲ್ ಕೊಟ್ಟರೆ ಉಸಿರು ಕಟ್ಟಿದಂತೆ ನಿಲ್ಲುತ್ತಿತ್ತು. ಹಾಗೇ ಓಡಿಸುತ್ತಿದ್ದಾಗ ಜಾಮ್ ಆಯಿತು. ಮೆಕ್ಯಾನಿಕ್ ಬಿಚ್ಚಿದಾಗ ಪಿಸ್ಟನ್ ಮೈಮೇಲೆ ಉದ್ದುದ್ದ ಗೀರು. ಕಾರ್ಬುರೇಟರ್ ಬಟ್ಟಲಲ್ಲಿ ಮಜ್ಜಿಗೆ ನೀರಿನಂಥ ಮಬ್ಬು ದ್ರವ. ಪಿಸ್ಟನ್, ರಿಂಗ್, ಸಿಲಿಂಡರ್ ಮೂರೂ ಹೊಸದು ಹಾಕಬೇಕಾಯಿತು.

ಇದಕ್ಕೆ ಆಯಿಲ್ ಜಾಸ್ತಿ ಹಾಕುವುದು ಪರಿಹಾರ ಅಲ್ಲ. ಅದು ಮೇಲೆಯೇ ಉಳಿಯುತ್ತದೆ, ಪ್ಲಗ್ಗಿಗೆ ಮಸಿ ಕೂರುವುದಷ್ಟೇ ಲಾಭ. ನಾನು ಆ ದಿನಕ್ಕೆ ಬೇಕಾದಷ್ಟೇ ಬೆರೆಸುತ್ತೇನೆ. ಕೊನೆಯ ಸಾಲಿಗೆ ನೀರು ಮುಟ್ಟುವ ಹೊತ್ತಿಗೆ ಕಾಕ್ ಮುಚ್ಚಿ, ಕಾರ್ಬುರೇಟರಲ್ಲಿ ಇರುವಷ್ಟು ಉರಿದು ತಾನೇ ನಿಲ್ಲಲು ಬಿಡುತ್ತೇನೆ. ಆ ಹೊತ್ತಲ್ಲೂ ಪಂಪಲ್ಲಿ ನೀರು ಇರಲೇಬೇಕು, ಒಣಗಿ ಓಡಿದರೆ ಸೀಲ್ ಹೋಗುತ್ತದೆ. ಹಂಗಾಮು ಮುಗಿದರೆ ಟ್ಯಾಂಕ್ ಪೂರ್ತಿ ಖಾಲಿ. ಇಟ್ಟಿದ್ದ ಮಿಶ್ರಣದ ಮೇಲೆ ಅನುಮಾನ ಬಂದರೆ ಗಾಜಿನ ಸೀಸೆಗೆ ಸ್ವಲ್ಪ ಬಗ್ಗಿಸಿ ಬೆಳಕಿಗೆ ಹಿಡಿಯಿರಿ. ತಳದಲ್ಲಿ ಬೇರೆ ಪದರ ಕಂಡರೆ ಕುಲುಕಿ ಬಳಸಲು ಹೋಗಬೇಡಿ.

ಆಯಿಲ್ ಮೇಲೆ ನನಗೆ ದೂರಿಲ್ಲ. ಲೂಸ್ ಆಯಿಲಿಗಿಂತ ಬೆಲೆ ಜಾಸ್ತಿ, ಆದರೂ ಪೆಟ್ರೋಲೇ ಲೀಟರಿಗೆ ನೂರು ರೂಪಾಯಿ ದಾಟಿರುವಾಗ 40 ಎಂಎಲ್‌ಗೆ ಕೊಡುವುದು ಹೊರೆ ಅನ್ನಿಸಲ್ಲ. ಸಣ್ಣ ಹೊಲದವರು ದೊಡ್ಡ ಡಬ್ಬಿ ಬದಲು 40 ಎಂಎಲ್ ಪೌಚ್ ಸಿಕ್ಕರೆ ಅದನ್ನೇ ತನ್ನಿ. 25ಕ್ಕೆ 1ರ ಪಂಪಿಗೆ ಲೀಟರಿಗೊಂದು ಪೌಚ್, ಸಿರಿಂಜೂ ಬೇಡ.